ಕಂಬ ವಾಲಲಿಲ್ಲ, ತಿರುಗಿತು: ಏಕೆ?

ಪ್ರಶ್ನೆ: ಸರ್, ನಮ್ಮ ಕಾಫಿ ಕಣದಲ್ಲಿ 6 ಮೀಟರ್ ಎತ್ತರದ ಲೈಟ್ ಕಂಬ ಇದೆ. ಹಳೇ ಡ್ರಮ್ಮಿನಲ್ಲಿ ಕಾಂಕ್ರೀಟ್ ತುಂಬಿ ಹೂತಿದ್ದಾರೆ. ತುದಿಯಲ್ಲಿ ಪೂರ್ವಕ್ಕೆ 2 ಮೀಟರ್ ಅಡ್ಡಪೈಪು, ಅದರ ಕೊನೆಗೆ ಲೈಟು. ಸ್ಟೇ ವೈರನ್ನೂ ಆ ಕೊನೆಗೇ ಕಟ್ಟಿದ್ದಾರೆ. ಅದರ ಗೂಟ ಕಂಬದ ಬುಡದಿಂದ 4 ಮೀಟರ್ ಪೂರ್ವಕ್ಕೆ, 3 ಮೀಟರ್ ಉತ್ತರಕ್ಕೆ ಇದೆ. ಕರೆಂಟಿನ ವೈರು 5 ಮೀಟರ್ ಎತ್ತರದಿಂದ ದಕ್ಷಿಣಕ್ಕೆ ಹೋಗುತ್ತೆ. ಈ ಮಳೆಯಲ್ಲಿ ಕಂಬ ವಾಲಲಿಲ್ಲ, ಆದರೆ ಲೈಟು ಉತ್ತರದ ಕಡೆಗೆ ತಿರುಗಿಬಿಟ್ಟಿದೆ. ಸ್ಟೇ 700 ನ್ಯೂಟನ್, ಕರೆಂಟಿನ ವೈರು 400, ಲೈಟು 150 ಅಂತ ಇಟ್ಟುಕೊಂಡು ಎರಡು ಕಡೆಯಿಂದ ಚಿತ್ರ ಬರೆದು ಲೆಕ್ಕ ಹಾಕಿದೆ. ತಿರುಗೋದು ಎಲ್ಲೂ ಬರಲಿಲ್ಲ. ಜೊತೆಗೆ ಸ್ಟೇಯ ಭಾಗಗಳನ್ನು ಕೂಡಿಸಿದರೆ 700ರ ಬದಲು 767 ಬರ್ತಿದೆ. ಎಲ್ಲಿ ತಪ್ಪಿದೆ?
— ಡಿಪ್ಲೊಮಾ ವಿದ್ಯಾರ್ಥಿ, ಮೂಡಿಗೆರೆ

ಉತ್ತರ: ಆ 767 ಬಂದಿದ್ದು ಒಳ್ಳೆಯದೇ ಆಯಿತು. ಅದು ಬರದಿದ್ದರೆ ತಪ್ಪು ಇದೆ ಅಂತಲೇ ನಿಮಗೆ ಗೊತ್ತಾಗುತ್ತಿರಲಿಲ್ಲ.

ನೀವು ಮಾಡಿದ್ದು ಹೀಗಿರಬೇಕು. ದಕ್ಷಿಣದಿಂದ ನೋಡಿ ಬರೆದ ಚಿತ್ರದಲ್ಲಿ ವೈರು 2 ಮೀಟರ್ ಪಕ್ಕಕ್ಕೆ, 6 ಮೀಟರ್ ಕೆಳಕ್ಕೆ ಹೋಗುತ್ತದೆ. ಅಂದರೆ ಲಂಬಕ್ಕೆ ಸುಮಾರು 18.4 ಡಿಗ್ರಿ. 700 ಅನ್ನು ಆ ಕೋನದಲ್ಲಿ ಒಡೆದರೆ ಪೂರ್ವಕ್ಕೆ 221, ಕೆಳಕ್ಕೆ 664. ಆಮೇಲೆ ಪೂರ್ವದಿಂದ ನೋಡಿದ ಚಿತ್ರದಲ್ಲಿ 26.6 ಡಿಗ್ರಿ ತೆಗೆದುಕೊಂಡು ಉತ್ತರಕ್ಕೆ 313 ಅಂದಿರಿ. ಮೊದಲ ಎರಡರಲ್ಲೇ 700 ಪೂರ್ತಿ ಖರ್ಚಾಗಿದೆ ನೋಡಿ. ಮೂರನೆಯದು ಎಲ್ಲಿಂದ ಬರಬೇಕು? ಪಕ್ಕದಿಂದ ನೋಡಿದಾಗ ಕಾಣುವುದು ವೈರಿನ ನೆರಳು ಮಾತ್ರ. ನೆರಳಿನ ಕೋನವನ್ನು ಪೂರ್ತಿ 700ಕ್ಕೆ ಹಚ್ಚಿದ್ದೇ ತಪ್ಪು.

ಕೋನದ ಸಹವಾಸವೇ ಬೇಡ. ಟೇಪಿನಲ್ಲಿ ಅಳೆದ ದೂರಗಳು ಸಾಕು. ಕಂಬದ ಬುಡವನ್ನು O ಅಂತ ಇಟ್ಟುಕೊಳ್ಳಿ. ಪೂರ್ವ x, ಉತ್ತರ y, ಮೇಲಕ್ಕೆ z. ಸ್ಟೇ ಕಟ್ಟಿದ ಜಾಗ A(2, 0, 6), ಗೂಟ B(4, 3, 0). Aಯಿಂದ Bಗೆ ಹೋಗಲು 2 ಪೂರ್ವಕ್ಕೆ, 3 ಉತ್ತರಕ್ಕೆ, 6 ಕೆಳಕ್ಕೆ ಸಾಗಬೇಕು. ವೈರಿನ ಉದ್ದ 4 + 9 + 36 = 49ರ ವರ್ಗಮೂಲ, ಅಂದರೆ 7 ಮೀಟರ್. ಪ್ರತಿ ಮೀಟರಿಗೆ 700 ÷ 7 = 100 ನ್ಯೂಟನ್.

```
F1 = 100 × (2, 3, -6) = (200, 300, -600)
```

ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ. ಸರಿಯಾಗಿ 700 ಬರುತ್ತದೆ. ಉಳಿದೆರಡು ಬಲ ಸುಲಭ. ಕರೆಂಟಿನ ವೈರು (0, -400, 0), ಲೈಟಿನ ತೂಕ (0, 0, -150). ಮೂರನ್ನೂ ಕೂಡಿಸಿದರೆ ಫಲಿತ ಬಲ R = (200, -100, -750). ಕಂಬದ ಸ್ವಂತ ತೂಕ ನೇರ ಬುಡದ ಮೇಲೇ ಬೀಳುವುದರಿಂದ O ಸುತ್ತ ಅದಕ್ಕೆ ಮೊಮೆಂಟ್, ಅಂದರೆ ತಿರುಗಿಸುವ ಪರಿಣಾಮ, ಇಲ್ಲ. ಅದನ್ನು ಬಿಟ್ಟಿದ್ದೇನೆ. ಅಡ್ಡಪೈಪಿನ ತೂಕವನ್ನೂ ಗಾಳಿಯನ್ನೂ ನೀವೂ ಹಿಡಿದಿಲ್ಲ, ನಾನೂ ಸದ್ಯಕ್ಕೆ ಹಿಡಿದಿಲ್ಲ.

ಈಗ ಮೊಮೆಂಟಿಗೆ ಬರೋಣ. ಬಲದ ಜೊತೆಗೆ ಬೇಕಾದ್ದು O ಯಿಂದ ಬಲದ ರೇಖೆಯ ಮೇಲಿನ ಯಾವುದಾದರೂ ಒಂದು ಬಿಂದುವಿಗೆ ಹೋಗುವ ದೂರ, r. O ಯಿಂದ ಆ ಕಡೆಗೇ ಹೋಗಬೇಕು, ಅಲ್ಲಿಂದ O ಗೆ ಅಲ್ಲ. ತಿರುಗಿಸಿ ಬರೆದರೆ ಎಲ್ಲಾ ಚಿಹ್ನೆಯೂ ಉಲ್ಟಾ ಆಗುತ್ತದೆ. r ನ ಭಾಗಗಳು x, y, z, ಬಲದ ಭಾಗಗಳು Fx, Fy, Fz ಆದರೆ ಇವೆರಡರ ಕ್ರಾಸ್ ಗುಣಲಬ್ಧವೇ ಮೊಮೆಂಟ್.

```
Mx = y·Fz - z·Fy
My = z·Fx - x·Fz
Mz = x·Fy - y·Fx
```

ನಡುವಿನ ಸಾಲಿನಲ್ಲೇ ಜಾಸ್ತಿ ಜನ ಎಡವುವುದು. ಡಿಟರ್ಮಿನೆಂಟ್ ಬಿಡಿಸುವಾಗ ನಡುವಿನ ಪದಕ್ಕೆ ಮೈನಸ್ ಹಾಕುವುದು ಮರೆತುಹೋಗುತ್ತದೆ. ಓದುವ ಕಾಲದಲ್ಲಿ ನಾನೇ ಒಂದು ಪರೀಕ್ಷೆಯ ಪೂರ್ತಿ ಪ್ರಶ್ನೆಯನ್ನು ಹಾಗೆ ಕಳೆದುಕೊಂಡಿದ್ದೇನೆ. ಅದಕ್ಕೇ ಡಿಟರ್ಮಿನೆಂಟ್ ಬಿಟ್ಟು ಈ ಮೂರು ಸಾಲನ್ನೇ ಬರೆದುಕೊಳ್ಳುವುದು ನನ್ನ ಅಭ್ಯಾಸ.

ಸ್ಟೇಗೆ A ಬಿಂದು ಹಿಡಿಯೋಣ, r = (2, 0, 6). Mx = 0 - 6 × 300 = -1800. My = 6 × 200 - 2 × (-600) = 2400. Mz = 2 × 300 - 0 = 600. ಇದು ಸರಿಯೋ ತಪ್ಪೋ ತಿಳಿಯಲು ಇನ್ನೊಬ್ಬರನ್ನು ಕೇಳಬೇಕಿಲ್ಲ. ಅದೇ ವೈರಿನ ಇನ್ನೊಂದು ತುದಿ B ಇದೆಯಲ್ಲ, r = (4, 3, 0) ಅಂತ ಹಿಡಿದು ಮತ್ತೆ ಮಾಡಿ. Mx = 3 × (-600) = -1800. My = -4 × (-600) = 2400. Mz = 4 × 300 - 3 × 200 = 600. ಒಂದೇ ಉತ್ತರ! ಬಲವನ್ನು ಅದರ ರೇಖೆಯ ಉದ್ದಕ್ಕೂ ಎಲ್ಲಿಗೆ ಜರುಗಿಸಿದರೂ ಮೊಮೆಂಟ್ ಬದಲಾಗುವುದಿಲ್ಲ. ಎರಡು ತುದಿಯಿಂದ ಬೇರೆ ಬೇರೆ ಬಂದರೆ ಎಲ್ಲೋ ಚಿಹ್ನೆ ತಪ್ಪಿದೆ ಅಂತಲೇ ಅರ್ಥ.

ಕರೆಂಟಿನ ವೈರಿಗೆ r = (0, 0, 5), ಮೊಮೆಂಟ್ (2000, 0, 0). ಲೈಟಿಗೆ r = (2, 0, 6), ಮೊಮೆಂಟ್ (0, 300, 0).

```
MO = (-1800+2000, 2400+300, 600)
   = (200, 2700, 600) ನ್ಯೂಟನ್-ಮೀಟರ್
```

ಒಟ್ಟು ಅಳತೆ ಸುಮಾರು 2773. ಆದರೆ ಈ ಒಂದು ಅಂಕಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೂರನ್ನೂ ಬೇರೆ ಬೇರೆಯಾಗಿ ಓದಬೇಕು. ಬಲಗೈ ಹೆಬ್ಬೆರಳನ್ನು ಅಕ್ಷದ ಉದ್ದಕ್ಕೆ ಚಾಚಿ, ಉಳಿದ ಬೆರಳು ಮಡಚುವ ಕಡೆಗೆ ತಿರುವು. Mx 200 ಅಂದರೆ ಕಂಬವನ್ನು ಸ್ವಲ್ಪ ದಕ್ಷಿಣಕ್ಕೆ ವಾಲಿಸುವ ಪ್ರಯತ್ನ. ಕರೆಂಟಿನ ವೈರು ದಕ್ಷಿಣಕ್ಕೆ, ಸ್ಟೇ ಉತ್ತರಕ್ಕೆ ಎಳೆದು ಹೆಚ್ಚುಕಡಿಮೆ ಸಮ ಆಗಿವೆ. My 2700 ಅಂದರೆ ಪೂರ್ವಕ್ಕೆ ವಾಲಿಸುವುದು. ಇದು ದೊಡ್ಡದು. Mz 600 ಕಂಬವನ್ನು ಅದರ ಉದ್ದದ ಸುತ್ತಲೇ ತಿರುಚುತ್ತದೆ. ಪ್ಲಸ್ ಆಗಿರುವುದರಿಂದ ಮೇಲಿನಿಂದ ನೋಡಿದರೆ ಅಪ್ರದಕ್ಷಿಣೆ, ಪೂರ್ವದಿಂದ ಉತ್ತರಕ್ಕೆ. ನಿಮ್ಮ ಲೈಟು ಹೋಗಿರುವುದೂ ಆ ಕಡೆಗೇ ಅಲ್ವಾ?

ನಿಮ್ಮ ಎರಡು ಚಿತ್ರದಲ್ಲಿ ಇದು ಯಾಕೆ ಕಾಣಲಿಲ್ಲ ಅನ್ನುವುದೂ ಈಗ ಗೊತ್ತಾಗುತ್ತದೆ. ದಕ್ಷಿಣದಿಂದ ಬರೆದ ಚಿತ್ರದಲ್ಲಿ My ಸಿಗುತ್ತದೆ, ಪೂರ್ವದಿಂದ ಬರೆದದ್ದರಲ್ಲಿ Mx. Mz ಸಿಗಬೇಕಾದರೆ ಕಂಬದ ತಲೆಯ ಮೇಲಿನಿಂದ ನೋಡಿ ಮೂರನೇ ಚಿತ್ರ ಬರೆಯಬೇಕಿತ್ತು. ಅಲ್ಲಿ ಬುಡದಿಂದ 2 ಮೀಟರ್ ಆಚೆ ನಿಂತು 300 ನ್ಯೂಟನ್ ಉತ್ತರಕ್ಕೆ ಎಳೆಯುತ್ತಿರುವುದು ಎದ್ದು ಕಾಣುತ್ತದೆ.

ಹಾಗಾದರೆ 2700 ಇದ್ದದ್ದು ವಾಲಿಸಲಿಲ್ಲ, 600 ಇದ್ದದ್ದು ತಿರುಗಿಸಿತು, ಇದೇನು? ಇಲ್ಲಿ ಲೆಕ್ಕ ಮುಗಿದು ಮಣ್ಣಿನ ಮಾತು ಶುರುವಾಗುತ್ತದೆ. ಕಂಬ ವಾಲಬೇಕಾದರೆ ಹೂತ ಡ್ರಮ್ಮು ಪಕ್ಕದ ಮಣ್ಣನ್ನು ಒತ್ತಿ ಸರಿಸಬೇಕು. ತಿರುಗುವುದಕ್ಕೆ ಏನನ್ನೂ ಸರಿಸಬೇಕಿಲ್ಲ. ದುಂಡಗಿನ ಡ್ರಮ್ಮು ಇದ್ದಲ್ಲೇ ಜಾರಿದರೆ ಸಾಕು. ಅದನ್ನು ತಡೆಯುವುದು ಡ್ರಮ್ಮಿಗೂ ಮಣ್ಣಿಗೂ ಇರುವ ಹಿಡಿತ ಮಾತ್ರ. ಮಲೆನಾಡಿನ ಮಳೆಗೆ ವಾರಗಟ್ಟಲೆ ನೆನೆದ ಮಣ್ಣಿನಲ್ಲಿ ಆ ಹಿಡಿತ ತೀರಾ ಕಡಿಮೆಯಾಗುತ್ತದೆ. ಚೌಕಾಕಾರದ ಗುಂಡಿಗೆ ಕಾಂಕ್ರೀಟ್ ಹಾಕಿದ್ದರೆ ಇಷ್ಟು ಸುಲಭಕ್ಕೆ ತಿರುಗುತ್ತಿರಲಿಲ್ಲ. ಆದರೂ 2700 ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ತೂಕದ ದಾರ ಇಳಿಬಿಟ್ಟು ಕಂಬ ನೆಟ್ಟಗಿದೆಯೇ ನೋಡಿ.

ಮೊಮೆಂಟನ್ನು ಬುಡದ ಸುತ್ತಲೇ ಯಾಕೆ ತೆಗೆದೆ ಅಂತ ಕೇಳಬಹುದು. ಬುಡ ತಡೆಯುತ್ತದೋ ಇಲ್ಲವೋ ಅನ್ನುವುದು ನಮ್ಮ ಪ್ರಶ್ನೆ, ಅದಕ್ಕೆ. ಬೇರೆ ಜಾಗ ಬೇಕಾದರೆ ಬೇರೆ ಬಿಂದು ಆರಿಸಿಕೊಳ್ಳಿ. ಕಂಬಕ್ಕೆ ನೆಲದಿಂದ 1 ಮೀಟರ್ ಮೇಲೆ ವೆಲ್ಡಿಂಗ್ ಜೋಡಣೆ ಇದೆ ಅಂತ ಇಟ್ಟುಕೊಳ್ಳೋಣ. ಅದು P(0, 0, 1). ಮೂರೂ ಬಲಕ್ಕೆ ಮೊದಲಿನಿಂದ ಲೆಕ್ಕ ಹಾಕಬೇಕಿಲ್ಲ. P ಯಿಂದ O ಗೆ ಹೋಗುವ ದೂರ (0, 0, -1) ಮತ್ತು ಫಲಿತ ಬಲ R, ಇವೆರಡರ ಕ್ರಾಸ್ ಗುಣಲಬ್ಧವನ್ನು ಹಳೆಯ ಮೊಮೆಂಟಿಗೆ ಸೇರಿಸಿದರಾಯಿತು.

```
MP = MO + PO × R
   = (200, 2700, 600) + (-100, -200, 0)
   = (100, 2500, 600)
```

600 ಹಾಗೇ ಉಳಿಯಿತು. ಕಂಬದ ಉದ್ದಕ್ಕೆ ಎಲ್ಲಿ ಹೋದರೂ ತಿರುಚುವಿಕೆ ಒಂದೇ. ಇಲ್ಲೂ ಒಂದು ಪರೀಕ್ಷೆ ಇದೆ. ಮೊಮೆಂಟಿನ ಮೂರು ಅಂಕಿಗಳನ್ನು R ನ ಮೂರು ಅಂಕಿಗಳಿಂದ ಕ್ರಮವಾಗಿ ಗುಣಿಸಿ ಕೂಡಿಸಿ. O ಗೆ 40000 - 270000 - 450000, ಅಂದರೆ -680000. P ಗೆ 20000 - 250000 - 450000, ಅದೂ -680000. ಬಿಂದು ಯಾವುದೇ ಇರಲಿ, ಈ ಮೊತ್ತ ಬದಲಾಗಬಾರದು. ಇದು ಸೊನ್ನೆ ಅಲ್ಲದ್ದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಈ ಮೂರು ಬಲಗಳ ಬದಲಿಗೆ ಎಲ್ಲೋ ಒಂದು ಕಡೆ ಒಂದೇ ಬಲ ಇಟ್ಟು ಸರಿದೂಗಿಸಲು ಆಗುವುದಿಲ್ಲ. ಒಂದು ತಿರುಚು ಉಳಿದೇ ಉಳಿಯುತ್ತದೆ. ಒಂದೇ ಸಮತಲದ ಲೆಕ್ಕಗಳನ್ನು ಮಾಡಿ ಬಂದವರಿಗೆ ಇದು ಹೊಸದು.

ಲೆಕ್ಕದ ಮಿತಿಯನ್ನೂ ಹೇಳಿಬಿಡುತ್ತೇನೆ. 700 ನೀವು ಇಟ್ಟುಕೊಂಡ ಅಂಕಿ. ಟರ್ನ್‌ಬಕಲ್ ನಾಲ್ಕು ಸುತ್ತು ಬಿಗಿ ಮಾಡಿದರೆ ಅದೇ ಬದಲಾಗುತ್ತದೆ. ಮತ್ತೆ ಈ ಲೆಕ್ಕ ಕಂಬ ತಿರುಗುವ ಮುಂಚಿನದು. ಅಡ್ಡಪೈಪು ತಿರುಗಿದ ಮೇಲೆ A ಯ ಜಾಗ ಬದಲಾಗಿದೆ, ಸ್ಟೇ ಸಡಿಲವಾಗಿದೆ. ಈಗಿನ ಬಲ ಬೇಕಾದರೆ ಮತ್ತೆ ಅಳೆಯಬೇಕು.

ಸರಿಪಡಿಸುವುದಾದರೆ ಸ್ಟೇಯನ್ನು ಅಡ್ಡಪೈಪಿನಿಂದ ಬಿಚ್ಚಿ ಕಂಬದ ತಲೆಗೇ ಕಟ್ಟಿಸಿ. ಆಗ ವೈರಿನ ರೇಖೆ ಕಂಬವನ್ನೇ ಮುಟ್ಟುತ್ತದೆ, Mz ಸೊನ್ನೆ. ಗೂಟವನ್ನೂ ಜರುಗಿಸಿ, ಬುಡದಿಂದ ನೇರ ಉತ್ತರಕ್ಕೆ 3 ಮೀಟರ್. ಕರೆಂಟಿನ ವೈರಿನ 2000 ಅನ್ನು ಸರಿದೂಗಿಸಲು 6 ಮೀಟರ್ ಎತ್ತರದಲ್ಲಿ ಉತ್ತರಕ್ಕೆ 333 ನ್ಯೂಟನ್ ಬೇಕು, ಅದಕ್ಕೆ ವೈರಿನಲ್ಲಿ ಸುಮಾರು 745 ನ್ಯೂಟನ್ ಎಳೆತ. ಈಗಿನದಕ್ಕಿಂತ ಸ್ವಲ್ಪವೇ ಜಾಸ್ತಿ. ಬುಡಕ್ಕೆ ಉಳಿಯುವುದು ಲೈಟಿನ 300 ಮಾತ್ರ. ಕರೆಂಟಿನ ವೈರು ಅದೇ ಕಂಬದಲ್ಲಿದೆ, ಹಾಗಾಗಿ ಸ್ಟೇ ಬಿಚ್ಚುವ ಮುಂಚೆ ಲೈನ್‌ಮ್ಯಾನ್ ಕರೆಸಿ ಲೈನ್ ಆಫ್ ಮಾಡಿಸಿ, ಕಂಬಕ್ಕೆ ಬೇರೆ ಆಸರೆ ಕೊಟ್ಟುಕೊಳ್ಳಿ. ಸ್ಟೇ ಬಿಚ್ಚಿದ ಕ್ಷಣ ದಕ್ಷಿಣಕ್ಕೆ ಎಳೆಯುವ 2000 ಅನ್ನು ಆ ನೆನೆದ ಮಣ್ಣೊಂದೇ ತಡೆಯಬೇಕಾಗುತ್ತದೆ.