ಮನೆಯ ಯಂತ್ರದಲ್ಲಿ 148, ಪ್ರಯೋಗಾಲಯದಲ್ಲಿ 128: ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ 54 ವರ್ಷ. ಕೊಲೆಸ್ಟ್ರಾಲ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ವಾರಗಳ ಹಿಂದೆ ಪ್ರಯೋಗಾಲಯದ ವರದಿಯಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 128 ಇತ್ತು. ಈಗ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರದಲ್ಲಿ, ಖಾಲಿ ಹೊಟ್ಟೆಯಲ್ಲಿ, ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ 148 ಬಂದಿದೆ. ರಕ್ತ ಸರಿಯಾಗಿ ಬಾರದೆ ಬೆರಳನ್ನು ಹಿಂಡಬೇಕಾಯಿತು. ಮಾತ್ರೆ ಕೆಲಸ ಮಾಡುತ್ತಿಲ್ಲವೇ? ಪ್ರಮಾಣ ಹೆಚ್ಚಿಸಿಕೊಳ್ಳಲೇ?

ಉತ್ತರ: ದಯವಿಟ್ಟು ಹೆಚ್ಚಿಸಿಕೊಳ್ಳಬೇಡಿ. ನಿಮ್ಮ ಯಂತ್ರ ತೋರಿಸಿದ 148 ಅಳೆದು ಬಂದ ಅಂಕಿಯಲ್ಲ, ಲೆಕ್ಕ ಹಾಕಿ ಬಂದದ್ದು. ರಕ್ತದ ಹನಿ ಹಾಕುವ ಪಟ್ಟಿಯ ಮೇಲಿನ ರಾಸಾಯನಿಕಗಳು ಅಳೆಯುವುದು ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಎಂಬ ಮೂರನ್ನು ಮಾತ್ರ. ಒಟ್ಟು ಮೊತ್ತದಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡ್‌ನ ಐದನೆಯ ಒಂದು ಭಾಗವನ್ನೂ ಕಳೆದರೆ ಎಲ್‌ಡಿಎಲ್ ಸಿಗುತ್ತದೆ. ನೀವೇ ಮಾಡಿ ನೋಡಿ: 228ರಲ್ಲಿ 38 ಮತ್ತು 42 ಕಳೆದರೆ 148. ಅನೇಕ ಪ್ರಯೋಗಾಲಯಗಳೂ ಹೀಗೆಯೇ ಲೆಕ್ಕ ಹಾಕುತ್ತವೆ, ಆದರೆ ಅಲ್ಲಿ ಆ ಮೂರು ಅಳತೆಗಳು ಹೆಚ್ಚು ಬಿಗಿಯಾಗಿರುತ್ತವೆ.

ಇಲ್ಲಿಯೇ ತೊಡಕಿರುವುದು. ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಶಿಕ್ಷಣ ಕಾರ್ಯಕ್ರಮವು ಅಳತೆಯಲ್ಲಿ ಇರಬಹುದಾದ ತಪ್ಪಿಗೆ ಮಿತಿ ಹಾಕಿದೆ: ಒಟ್ಟು ಕೊಲೆಸ್ಟ್ರಾಲ್‌ಗೆ ಸುಮಾರು ಶೇ 9, ಎಚ್‌ಡಿಎಲ್‌ಗೆ ಶೇ 13. ಮನೆಯ ಯಂತ್ರಗಳೆಲ್ಲವೂ ಈ ಮಿತಿಯನ್ನು ಯಾವಾಗಲೂ ಮುಟ್ಟುವುದಿಲ್ಲ. ನಿಮ್ಮದು ಮುಟ್ಟುತ್ತದೆ ಎಂದೇ ಇಟ್ಟುಕೊಳ್ಳೋಣ. 228ರ ಶೇ 9 ಎಂದರೆ ಸುಮಾರು 20. ಯಂತ್ರ ಅಷ್ಟು ಹೆಚ್ಚು ತೋರಿಸಿದ್ದರೆ ನಿಜವಾದ ಮೊತ್ತ 208. ಅದರಿಂದ 38 ಮತ್ತು 42 ಕಳೆಯಿರಿ. ಉಳಿಯುವುದು 128, ಅಂದರೆ ಪ್ರಯೋಗಾಲಯ ಹೇಳಿದ ಅಂಕಿಯೇ. ತಪ್ಪು ಇನ್ನೊಂದು ದಿಕ್ಕಿಗೆ ಆಗಿದ್ದರೆ ಇದೇ ಲೆಕ್ಕ 168 ಕೊಡುತ್ತದೆ. ಒಟ್ಟು ಮೊತ್ತದಲ್ಲಿ ಆಗುವ ಸಣ್ಣ ತಪ್ಪು ಇಡಿಯಾಗಿ ಎಲ್‌ಡಿಎಲ್ ಮೇಲೆ ಬಂದು ಬೀಳುತ್ತದೆ. ಇದರ ಜೊತೆಗೆ ದೇಹದ ಸ್ವಂತ ಏರಿಳಿತವೂ ಇದೆ: ಒಬ್ಬರದೇ ಒಟ್ಟು ಕೊಲೆಸ್ಟ್ರಾಲ್ ಬೇರೆ ಬೇರೆ ದಿನಗಳಲ್ಲಿ ಶೇ 5-6ರಷ್ಟು, ಟ್ರೈಗ್ಲಿಸರೈಡ್ ಶೇ 20ರಷ್ಟು ಅಥವಾ ಇನ್ನೂ ಹೆಚ್ಚು ಹಿಂದೆ ಮುಂದೆ ಆಗಬಹುದು.

ಇನ್ನು ಹಿಂಡಿದ ಬೆರಳಿನ ವಿಷಯ. ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ದ್ರವವೂ ಬೆರೆತು ಅಂಕಿಗಳು ಸಾಮಾನ್ಯವಾಗಿ ತಗ್ಗುತ್ತವೆ. ಹಾಗಾಗಿ ನಿಮ್ಮ ಏರಿಕೆಗೆ ಅದು ಕಾರಣವೆನ್ನಲಾಗದು, ಆದರೂ ಆ ಹನಿಯ ಫಲಿತಾಂಶವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈಯನ್ನು ಬೆಚ್ಚಗಿನ ನೀರು, ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ. ಐದು ನಿಮಿಷ ಕುಳಿತು, ತೋಳನ್ನು ಕೆಳಗೆ ಇಳಿಬಿಟ್ಟು, ಬೆರಳತುದಿಯ ಪಕ್ಕದಲ್ಲಿ ಚುಚ್ಚಿ. ಮೊದಲ ಹನಿಯನ್ನು ಒರೆಸಿ, ತಾನಾಗಿ ತುಂಬಿಕೊಂಡ ಎರಡನೆಯ ಹನಿಯನ್ನು ಬಳಸಿ. ಕೈಗೆ ಕ್ರೀಮ್ ಹಚ್ಚಿದ್ದರೆ ಅದರಲ್ಲಿನ ಗ್ಲಿಸರಿನ್ ಅನ್ನೂ ಪಟ್ಟಿ ಟ್ರೈಗ್ಲಿಸರೈಡ್ ಎಂದೇ ಎಣಿಸಿಬಿಡುತ್ತದೆ.

ಯಂತ್ರವನ್ನು ಪರೀಕ್ಷಿಸಲು ಒಂದು ನೇರ ದಾರಿಯಿದೆ. ಮುಂದಿನ ಬಾರಿ ಪ್ರಯೋಗಾಲಯಕ್ಕೆ ಹೋಗುವಾಗ ಅದನ್ನೂ ಒಯ್ಯಿರಿ. ತೋಳಿನಿಂದ ರಕ್ತ ತೆಗೆದ ಕೆಲವೇ ನಿಮಿಷಗಳಲ್ಲಿ ಬೆರಳು ಚುಚ್ಚಿ, ಅಂಕಿ ಬರೆದುಕೊಳ್ಳಿ. ಎರಡು ವಾರಗಳ ಅಂತರದ ಹೋಲಿಕೆಯಿಂದ ಯಂತ್ರದ ತಪ್ಪು ಯಾವುದು, ದೇಹದ ಬದಲಾವಣೆ ಯಾವುದು ಎಂದು ತಿಳಿಯದು. ಒಂದೇ ಹೊತ್ತಿನ ಈ ಹೋಲಿಕೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಪಟ್ಟಿಯ ಅವಧಿ ಮುಗಿದಿದೆಯೇ, ಡಬ್ಬಿಯ ಮುಚ್ಚಳ ತೆರೆದೇ ಇತ್ತೇ, ಯಂತ್ರದಲ್ಲಿರುವ ಸಂಕೇತ ಸಂಖ್ಯೆ ಡಬ್ಬಿಯ ಮೇಲಿನದರೊಡನೆ ಹೊಂದುತ್ತದೆಯೇ ನೋಡಿ. ಆದರೆ "ನನ್ನ ಯಂತ್ರ ಯಾವಾಗಲೂ 15 ಹೆಚ್ಚು ತೋರಿಸುತ್ತದೆ" ಎಂದು ತಿದ್ದುಪಡಿ ಹಾಕಿಕೊಂಡು ಕೂರಬೇಡಿ. ಪಟ್ಟಿಗಳ ಹೊಸ ಡಬ್ಬಿಯೊಂದಿಗೆ ಆ ವ್ಯತ್ಯಾಸ ಬದಲಾಗಬಹುದು.

ಮಾತ್ರೆ ಆರಂಭಿಸುವ, ನಿಲ್ಲಿಸುವ ಅಥವಾ ಪ್ರಮಾಣ ಬದಲಿಸುವ ಪ್ರತಿ ನಿರ್ಧಾರಕ್ಕೂ ಪ್ರಯೋಗಾಲಯದ ವರದಿ ಬೇಕೇ ಬೇಕು. ಎಲ್‌ಡಿಎಲ್ 190 ಅಥವಾ ಹೆಚ್ಚು ಕಂಡರೂ ಹಾಗೆಯೇ, ಏಕೆಂದರೆ ಅದು ವಂಶವಾಹಿ ಸಮಸ್ಯೆಯ ಸುಳಿವಾಗಿರಬಹುದು. ಟ್ರೈಗ್ಲಿಸರೈಡ್ 400 ದಾಟಿದರೆ ಮೇಲಿನ ಲೆಕ್ಕವೇ ನಿಲ್ಲುವುದಿಲ್ಲ. ಆಗ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯಬೇಕಾಗುತ್ತದೆ. ರಕ್ತಹೀನತೆ ಇರುವವರಲ್ಲಿ ರಕ್ತಕಣಗಳ ಪ್ರಮಾಣವೇ ಹನಿಯ ಅಳತೆಯನ್ನು ಏರುಪೇರು ಮಾಡಬಹುದಾದ್ದರಿಂದ ಅವರು ಮನೆಯ ಅಂಕಿಯನ್ನು ನೆಚ್ಚಬಾರದು.

ನಿಮ್ಮ ವಿಷಯದಲ್ಲಿ ಸದ್ಯಕ್ಕೆ 128 ಅನ್ನೇ ಹಿಡಿಯಿರಿ. ಮಾತ್ರೆ ಶುರುಮಾಡಿ ಅಥವಾ ಪ್ರಮಾಣ ಬದಲಿಸಿ ಎಷ್ಟು ವಾರವಾಯಿತೆಂದು ನೀವು ಬರೆದಿಲ್ಲ. ಅದರ ಪೂರ್ಣ ಪರಿಣಾಮ ತಿಳಿಯುವುದು 4ರಿಂದ 12 ವಾರಗಳಲ್ಲಿ; ಆ ಅವಧಿಯಲ್ಲಿ ಮಾಡಿಸಿದ ವರದಿಯನ್ನು ವೈದ್ಯರಿಗೆ ತೋರಿಸಿ, ನಿಮಗೆ ಇರಬೇಕಾದ ಗುರಿ ಎಷ್ಟೆಂದು ಕೇಳಿ. ಮಧುಮೇಹ ಇದ್ದರೆ ಅಥವಾ ಹಿಂದೆ ಹೃದಯಾಘಾತ ಆಗಿದ್ದರೆ 128 ಕೂಡ ಹೆಚ್ಚೇ.