ಲಕ್ಷಕ್ಕೊಂದು ನಾಣ್ಯ ಫ್ರೀ ಅಂದರೆ ಬಿಲ್‌ನಲ್ಲಿ ನಿಜವಾಗಿ ಉಳಿಯುವುದೆಷ್ಟು?

ಪ್ರಶ್ನೆ: ನವೆಂಬರ್ ಕೊನೆಗೆ ಮಗಳ ಮದುವೆ ಇದೆ. 40 ಗ್ರಾಂ ಹಾರ ಮಾಡಿಸಬೇಕು. ಇಲ್ಲಿನ ದೊಡ್ಡ ಶೋರೂಮ್‌ನಲ್ಲಿ ದೀಪಾವಳಿ ಆಫರ್ ಇದೆ. ಈಗಲೇ ಒಂದು ಲಕ್ಷ ಕಟ್ಟಿದರೆ ಇವತ್ತಿನ ರೇಟಿಗೆ ಬುಕಿಂಗ್, ಮೇಕಿಂಗ್ ಚಾರ್ಜ್‌ನಲ್ಲಿ 25% ರಿಯಾಯಿತಿ, ಪ್ರತಿ ಲಕ್ಷದ ಖರೀದಿಗೆ 100 ಮಿಲಿಗ್ರಾಂ ಚಿನ್ನದ ನಾಣ್ಯ ಫ್ರೀ ಅಂತಾರೆ. ಅಲ್ಲಿ ವೇಸ್ಟೇಜ್ 18%. ನಮ್ಮ ಪರಿಚಯದ ಅಂಗಡಿಯಲ್ಲಿ 11%, ಆದರೆ ಆಫರ್ ಏನೂ ಇಲ್ಲ. ರೇಟ್ ಏರಿಬಿಟ್ಟರೆ ಅನ್ನೋ ಭಯ ಬೇರೆ. ಎಲ್ಲಿ ತಗೊಳ್ಳಲಿ?
— ಓದುಗರು, ದಾವಣಗೆರೆ

ಉತ್ತರ: ನೀವು ಹೇಳಿದ ಅಂಕಿಗಳನ್ನೇ ಹಿಡಿದರೆ ಹಾರ ಅಗ್ಗವಾಗಿ ಸಿಗುವುದು ಪರಿಚಯದ ಅಂಗಡಿಯಲ್ಲಿ. ನಾಣ್ಯ, ರಿಯಾಯಿತಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅದೇ ಉತ್ತರ ಬರುತ್ತದೆ. ರೇಟ್ ಬುಕಿಂಗ್ ಮಾತ್ರ ಬೇರೆ ವಿಷಯ, ಅದರಲ್ಲಿ ನಿಜವಾದ ಉಪಯೋಗ ಇರಬಹುದು. ಅದಕ್ಕೆ ಆಮೇಲೆ ಬರೋಣ.

ಚಿನ್ನದ ರೇಟ್ ದಿನಾ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ 22 ಕ್ಯಾರೆಟ್‌ಗೆ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳಿ. 40 ಗ್ರಾಂಗೆ ಚಿನ್ನದ ಬೆಲೆ 4 ಲಕ್ಷ. ಇದು ಎರಡೂ ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅದರ ಮೇಲೆ ಹಾಕುವ ವೇಸ್ಟೇಜ್ ಅಥವಾ ಮೇಕಿಂಗ್‌ನಲ್ಲಿ.

ಶೋರೂಮ್‌ನ 18% ಅಂದರೆ 72,000 ರೂಪಾಯಿ. ಅದರಲ್ಲಿ 25% ರಿಯಾಯಿತಿ ಅಂದರೆ 18,000 ಕಡಿಮೆ. ಗಮನಿಸಿ, ಈ 25% ಕಳೆಯುವುದು ಮೇಕಿಂಗ್‌ನಲ್ಲಿ ಮಾತ್ರ, ಇಡೀ ಬಿಲ್‌ನಲ್ಲಿ ಅಲ್ಲ. ಹಾಗಾಗಿ ವೇಸ್ಟೇಜ್ 13.5%ಕ್ಕೆ ಇಳಿಯಿತು, ಅಂದರೆ 54,000. ಒಟ್ಟು 4,54,000. ಅದರ ಮೇಲೆ 3% ಜಿಎಸ್‌ಟಿ 13,620. ಕೈಯಿಂದ ಹೋಗುವುದು 4,67,620.

ಪರಿಚಯದ ಅಂಗಡಿಯಲ್ಲಿ 11% ಅಂದರೆ 44,000. ಒಟ್ಟು 4,44,000, ಜಿಎಸ್‌ಟಿ 13,320, ಕೊನೆಗೆ 4,57,320. ಆಫರ್ ಇಲ್ಲದ ಅಂಗಡಿಯಲ್ಲೇ 10,300 ಕಡಿಮೆ!

ಇನ್ನು ನಾಣ್ಯ. ನಾಲ್ಕು ಲಕ್ಷದ ಮೇಲಿನ ಬಿಲ್‌ಗೆ ನಾಲ್ಕು ನಾಣ್ಯ, ಒಟ್ಟು 400 ಮಿಲಿಗ್ರಾಂ. 24 ಕ್ಯಾರೆಟ್ ಅಂತಲೇ ಇಟ್ಟುಕೊಂಡರೂ ಗ್ರಾಂಗೆ ಸುಮಾರು 10,900ರಂತೆ ಅದರ ಬೆಲೆ 4,360 ರೂಪಾಯಿ. ಅಂದರೆ ನಾಣ್ಯ ಕಳೆದ ಮೇಲೂ ಶೋರೂಮ್ ಸುಮಾರು ಆರು ಸಾವಿರ ದುಬಾರಿ.

ಇದನ್ನೇ ಇನ್ನೊಂದು ರೀತಿ ನೋಡಿ. 40 ಗ್ರಾಂ ಹಾರದ ಮೇಲೆ ಒಂದು ಪರ್ಸೆಂಟ್ ವೇಸ್ಟೇಜ್ ಅಂದರೆ 400 ಮಿಲಿಗ್ರಾಂ ಚಿನ್ನದ ಬೆಲೆ, 4,000 ರೂಪಾಯಿ. ನಾಲ್ಕು ನಾಣ್ಯವನ್ನು ತಟ್ಟೆಯಲ್ಲಿ ಇಟ್ಟು ಕೊಟ್ಟಾಗ ಎಷ್ಟು ದೊಡ್ಡದಾಗಿ ಕಾಣುತ್ತದೋ, ಒಂದು ಪರ್ಸೆಂಟ್ ವೇಸ್ಟೇಜ್ ಚೀಟಿಯಲ್ಲಿ ಅಷ್ಟೇ ಚಿಕ್ಕದಾಗಿ ಕಾಣುತ್ತದೆ. ಆದರೆ ಎರಡರ ಬೆಲೆ ಹತ್ತಿರ ಹತ್ತಿರ ಒಂದೇ. ಆದ್ದರಿಂದ ಶೋರೂಮ್‌ನವರು ರಿಯಾಯಿತಿ ಕಳೆದು 12%ಗೆ ಬಂದರೆ, ನಾಣ್ಯ ಸೇರಿ ಎರಡೂ ಅಂಗಡಿ ಸಮ ಆಗುತ್ತವೆ. ಚೌಕಾಸಿಗೆ ಕೂರುವಾಗ ನಿಮ್ಮ ತಲೆಯಲ್ಲಿ ಇರಬೇಕಾದ ಅಂಕಿ ಈ 12%. "25% ಇನ್ನೂ ಜಾಸ್ತಿ ಮಾಡಿ" ಅಂತ ಕೇಳಬೇಡಿ. "ಕೊನೆಗೆ ವೇಸ್ಟೇಜ್ ಎಷ್ಟು ಹಾಕ್ತೀರಿ" ಅಂತ ಕೇಳಿ.

ಒಂದು ಎಚ್ಚರಿಕೆ. ಹೋಲಿಸುವಾಗ ಡಿಸೈನ್ ಒಂದೇ ತರಹದ್ದು ಇರಬೇಕು. ಕೈಕೆಲಸದ ನಕ್ಷಿ ಹಾರಕ್ಕೂ ಮಷಿನ್‌ನಲ್ಲಿ ಮಾಡಿದ ಸಾದಾ ಹಾರಕ್ಕೂ ವೇಸ್ಟೇಜ್ ಬೇರೆ ಇರುವುದು ನ್ಯಾಯವೇ. ಪರಿಚಯದವರ 11% ಸಾದಾ ಹಾರಕ್ಕೆ ಹೇಳಿದ್ದಾದರೆ ಮೇಲಿನ ಲೆಕ್ಕ ನಿಲ್ಲುವುದಿಲ್ಲ. ಶೋರೂಮ್‌ನಲ್ಲಿ ಇಷ್ಟವಾದ ಹಾರದ ಫೋಟೊ ತೋರಿಸಿ ಮತ್ತೊಮ್ಮೆ ಕೇಳಿ. ಹರಳು ಇರುವ ಹಾರವಾದರೆ ಹರಳಿನ ತೂಕ ಕಳೆದು ಉಳಿದ ನೆಟ್ ತೂಕಕ್ಕೆ ಮಾತ್ರ ಚಿನ್ನದ ರೇಟ್ ಮತ್ತು ವೇಸ್ಟೇಜ್ ಹಾಕಬೇಕು. ಎರಡೂ ತೂಕವನ್ನು ಬಿಲ್‌ನಲ್ಲಿ ಬೇರೆ ಬೇರೆ ಬರೆಸಿ.

ಫ್ರೀ ನಾಣ್ಯದ ಬಗ್ಗೆ ಇನ್ನೆರಡು ಮಾತು. 2 ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. 100 ಮಿಲಿಗ್ರಾಂ ನಾಣ್ಯ ಪ್ಲಾಸ್ಟಿಕ್ ಕಾರ್ಡ್‌ನಲ್ಲಿ ಅಂಟಿಕೊಂಡು ಬರುತ್ತದೆ, ಅದರ ಶುದ್ಧತೆಗೆ ಕಾರ್ಡಿನ ಮೇಲಿನ ಅಕ್ಷರವೇ ಆಧಾರ. ನಾಳೆ ಬೇರೆ ಅಂಗಡಿಗೆ ಮಾರಲು ಹೋದರೆ ಪೂರ್ತಿ ಬೆಲೆ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಕೆಲವು ಕಡೆ ಹಾರ ಬದಲಾಯಿಸಿದರೆ ಅಥವಾ ವಾಪಸ್ ಕೊಟ್ಟರೆ ನಾಣ್ಯದ ಬೆಲೆ ಹಿಡಿದುಕೊಳ್ಳುವ ಷರತ್ತೂ ಇರುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು, "ನಾಣ್ಯ ಬೇಡ, ಅಷ್ಟನ್ನು ವೇಸ್ಟೇಜ್‌ನಲ್ಲೇ ಕಳೆಯಿರಿ" ಅಂತ ಕೇಳಿ ನೋಡಿ. ಒಪ್ಪಿದರೆ ಅಷ್ಟು ಮೊತ್ತದ ಮೇಲಿನ ಜಿಎಸ್‌ಟಿಯೂ ಉಳಿಯುತ್ತದೆ. ಒಪ್ಪದಿದ್ದರೆ ನಾಣ್ಯದ ತೂಕ ಮತ್ತು ಶುದ್ಧತೆಯನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.

ಈಗ ರೇಟ್ ಬುಕಿಂಗ್. ನಿಮ್ಮ ಭಯ ಇರುವುದೂ ಇಲ್ಲೇ ಅಲ್ವಾ? ಬುಕಿಂಗ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸ್ಕೀಮ್ ನಡೆಯುತ್ತವೆ. ಮೊದಲನೆಯದರಲ್ಲಿ ಒಂದು ಭಾಗ ಹಣ ಕಟ್ಟಿದರೆ ಇಡೀ 40 ಗ್ರಾಂಗೆ ಇವತ್ತಿನ ರೇಟ್ ನಿಗದಿಯಾಗುತ್ತದೆ. ಎರಡನೆಯದರಲ್ಲಿ ನೀವು ಕಟ್ಟಿದ ಹಣಕ್ಕೆ ಎಷ್ಟು ಗ್ರಾಂ ಬರುತ್ತದೋ ಅಷ್ಟಕ್ಕೆ ಮಾತ್ರ ಇವತ್ತಿನ ರೇಟ್. ಒಂದು ಲಕ್ಷಕ್ಕೆ 10 ಗ್ರಾಂ. ಉಳಿದ 30 ಗ್ರಾಂಗೆ ಹಾರ ತೆಗೆದುಕೊಳ್ಳುವ ದಿನದ ರೇಟ್.

ನವೆಂಬರ್‌ನಲ್ಲಿ ರೇಟ್ 10,600 ಆಯಿತು ಅನ್ನಿ. ಮೊದಲನೇ ತರಹದ ಬುಕಿಂಗ್‌ನಲ್ಲಿ ಚಿನ್ನಕ್ಕೆ 4,00,000. ಎರಡನೇ ತರಹದಲ್ಲಿ 10 ಗ್ರಾಂಗೆ ಒಂದು ಲಕ್ಷ, 30 ಗ್ರಾಂಗೆ 3,18,000, ಒಟ್ಟು 4,18,000. ಕೌಂಟರ್‌ನಲ್ಲಿ ಎರಡನ್ನೂ "ಇವತ್ತಿನ ರೇಟಿಗೆ ಬುಕ್" ಅಂತಲೇ ಹೇಳುತ್ತಾರೆ. ಹಾಗಾಗಿ ರಸೀದಿಯಲ್ಲಿ ರೂಪಾಯಿ ಮಾತ್ರ ಇದ್ದರೆ ಸಾಲದು. "40 ಗ್ರಾಂ, 22 ಕ್ಯಾರೆಟ್, ಗ್ರಾಂಗೆ ಇಷ್ಟು" ಅಂತ ತೂಕ ಮತ್ತು ರೇಟ್ ಎರಡೂ ಇರಬೇಕು. ಹಾರ ಕೊನೆಗೆ 43 ಗ್ರಾಂ ತೂಗಿದರೆ ಮೇಲಿನ 3 ಗ್ರಾಂ ಆ ದಿನದ ರೇಟಿಗೆ ಬರುತ್ತದೆ, ಅದು ಸರಿಯೇ.

ರೇಟ್ ಇಳಿದರೆ? ಬುಕ್ ಮಾಡಿದ ರೇಟ್, ತೆಗೆದುಕೊಳ್ಳುವ ದಿನದ ರೇಟ್, ಎರಡರಲ್ಲಿ ಯಾವುದು ಕಡಿಮೆಯೋ ಅದು ಅನ್ನುವ ಷರತ್ತು ಇದ್ದರೆ ನಿಮಗೆ ಒಳ್ಳೆಯದು. 9,500ಕ್ಕೆ ಇಳಿದರೆ ಚಿನ್ನಕ್ಕೆ 3,80,000 ಸಾಕು. ಆದರೆ ಈ ಅನುಕೂಲ ಅಂಗಡಿಗೆ ಪುಕ್ಕಟೆ ಬರುವುದಿಲ್ಲ. ರೇಟ್ ಏರಿದರೆ ನಷ್ಟ ಆಗಬಾರದು ಅಂತ ಅವರು ನಿಮ್ಮ ಬುಕಿಂಗ್ ಆದಾಗಲೇ ಗಟ್ಟಿ ಚಿನ್ನ ಕೊಂಡಿಡಬೇಕು, ಇಲ್ಲವೇ ಮುಂದೆ ಕೊಳ್ಳುವ ಚಿನ್ನಕ್ಕೆ ಇವತ್ತೇ ಬೆಲೆ ನಿಗದಿ ಮಾಡುವ ವಾಯಿದಾ ಮಾರುಕಟ್ಟೆಯಲ್ಲಿ ರಕ್ಷಣೆ ಮಾಡಿಕೊಳ್ಳಬೇಕು. ಹಾಗೆ ಮಾಡಿದ ಮೇಲೆ ರೇಟ್ ಇಳಿದರೆ ಅದರ ಹೊರೆ ಅವರದ್ದೇ. ಆ ಖರ್ಚನ್ನು ಎಲ್ಲೋ ಒಂದು ಕಡೆ ವಸೂಲು ಮಾಡಲೇಬೇಕು. ಬುಕಿಂಗ್ ಅವಧಿ ಕಡಿಮೆ ಇಡುವುದು, ಬುಕಿಂಗ್‌ಗೆ ಬೇರೆ ರಿಯಾಯಿತಿ ಸೇರಿಸದಿರುವುದು, ವೇಸ್ಟೇಜ್ ಬಿಗಿ ಹಿಡಿಯುವುದು, ಇವೆಲ್ಲ ಬರುವುದು ಇದರಿಂದಲೇ.

ನಿಮ್ಮ ವಿಷಯದಲ್ಲಿ ನನಗೆ ದೊಡ್ಡ ಅನುಮಾನ ಇರುವುದೂ ಇಲ್ಲೇ. ಬುಕಿಂಗ್ ದೀಪಾವಳಿಗೆ ಮುಂಚೆ, ಹಾರ ತೆಗೆದುಕೊಳ್ಳುವುದು ಮದುವೆ ಹತ್ತಿರ ಬಂದಾಗ. ಅಷ್ಟರಲ್ಲಿ ಹಬ್ಬದ ಆಫರ್ ಮುಗಿದಿರುತ್ತದೆ. ರೇಟ್ ಹಳೆಯದೇ ಸಿಕ್ಕಿತು, ಆದರೆ 25% ರಿಯಾಯಿತಿ ಈಗ ಇಲ್ಲ ಅಂದರೆ ವೇಸ್ಟೇಜ್ ಮತ್ತೆ 18%. ಅಲ್ಲಿಗೆ 18,000 ಹೋಯಿತು, ಅದರ ಮೇಲಿನ ಜಿಎಸ್‌ಟಿ ಬೇರೆ. ವೇಸ್ಟೇಜ್ ಸೇರಿಸಿ ನೋಡಿದರೆ, ಗ್ರಾಂಗೆ ಸುಮಾರು 400 ರೂಪಾಯಿ ಏರಿಕೆಯಿಂದ ನೀವು ತಪ್ಪಿಸಿಕೊಂಡಿದ್ದರೂ ಆ ಲಾಭವೆಲ್ಲ ಇಲ್ಲೇ ಕರಗುತ್ತದೆ. ರೇಟ್‌ನಂತೆ ವೇಸ್ಟೇಜ್ ಅನ್ನೂ ಬುಕ್ ಮಾಡಿಸಿ. "ಡೆಲಿವರಿ ದಿನ ವೇಸ್ಟೇಜ್ 13.5% ಮೀರುವುದಿಲ್ಲ" ಅಂತ ರಸೀದಿ ಮೇಲೆ ಬರೆದು ಸೀಲ್ ಹಾಕಿಸಿ. ಆಫರ್ "ಆಯ್ದ ಡಿಸೈನ್‌ಗಳಿಗೆ" ಅಂತ ಇದ್ದರೆ ನೀವು ನೋಡಿದ ಹಾರ ಅದರಲ್ಲಿ ಸೇರುತ್ತದೆಯೇ ಅಂತಲೂ ಕೇಳಿ.

ಆಮೇಲೆ ಕೊನೆಯ ದಿನಾಂಕ. ಬುಕಿಂಗ್ 30 ದಿನಕ್ಕೆ ಮಾತ್ರ ಅಂತ ಇದ್ದು, ಅಕ್ಕಸಾಲಿಗರಿಗೆ ಹಾರ ಮಾಡಲು 25 ದಿನ ಬೇಕಾದರೆ, ಒಂದು ವಾರ ತಡವಾದರೂ ರೇಟ್ ತಪ್ಪಿಹೋಗುತ್ತದೆ. ತಡ ಅಂಗಡಿಯಿಂದ ಆದರೆ ಬುಕ್ ಆದ ರೇಟೇ ಉಳಿಯಬೇಕು, ಇದನ್ನೂ ಬರೆಸಿ. ಮದುವೆ ಮುಂದಕ್ಕೆ ಹೋದರೆ ಹಣ ವಾಪಸ್ ಕೊಡುತ್ತಾರಾ ಅಥವಾ ಒಡವೆಯನ್ನೇ ತೆಗೆದುಕೊಳ್ಳಬೇಕಾ ಅನ್ನುವುದನ್ನು ಕಟ್ಟುವ ಮೊದಲೇ ತಿಳಿದುಕೊಳ್ಳಿ. ಅಡ್ವಾನ್ಸ್ ಅನ್ನು ಬ್ಯಾಂಕ್ ಮೂಲಕವೇ ಕೊಡಿ, ಅಂಗಡಿ ಬಾಗಿಲು ಹಾಕಿದರೆ ಆ ದಾಖಲೆಯೇ ನಿಮ್ಮ ಕೈಯಲ್ಲಿ ಉಳಿಯುವುದು. ಒಂದೇ ಖರೀದಿಗೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಅಂಗಡಿಯವರು ಪಡೆಯುವಂತಿಲ್ಲ, ಕಂತು ಮಾಡಿ ಕೊಟ್ಟರೂ ಅಷ್ಟೇ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲು ಪರಿಚಯದ ಅಂಗಡಿಗೇ ಹೋಗಿ, "ಒಂದು ಲಕ್ಷ ಅಡ್ವಾನ್ಸ್ ಕೊಡ್ತೀನಿ, 40 ಗ್ರಾಂಗೆ ಇವತ್ತಿನ ರೇಟ್ ಹಿಡೀತೀರಾ, ವೇಸ್ಟೇಜ್ ಅದೇ 11%?" ಅಂತ ಕೇಳುತ್ತೇನೆ. ಬೋರ್ಡ್ ಹಾಕದಿದ್ದರೂ ಎಷ್ಟೋ ಸಣ್ಣ ಅಂಗಡಿಗಳು ಮದುವೆ ಆರ್ಡರ್‌ಗೆ ಇದನ್ನು ಒಪ್ಪುತ್ತವೆ. ಒಪ್ಪಿದರೆ ಶೋರೂಮ್ ಮಾತೇ ಬೇಡ. ಒಪ್ಪದಿದ್ದರೆ ಶೋರೂಮ್‌ನಲ್ಲಿ 12% ವೇಸ್ಟೇಜ್ ಮತ್ತು ಇಡೀ 40 ಗ್ರಾಂಗೆ ರೇಟ್, ಎರಡೂ ಲಿಖಿತದಲ್ಲಿ ಸಿಕ್ಕರೆ ಮಾತ್ರ ಹಣ ಕಟ್ಟಿ. ಅವರು 13.5%ರಿಂದ ಇಳಿಯದೆ ಇಡೀ ತೂಕಕ್ಕೆ ರೇಟ್ ಮಾತ್ರ ಬರೆದುಕೊಟ್ಟರೆ, ಪರಿಚಯದ ಅಂಗಡಿಗಿಂತ ಜಾಸ್ತಿ ಹೋಗುವ ಆ ಆರು ಸಾವಿರ ರೇಟ್ ಏರಿಕೆಯ ವಿರುದ್ಧ ನೀವು ಕಟ್ಟುವ ವಿಮೆ ಅಂದುಕೊಳ್ಳಿ. ವೇಸ್ಟೇಜ್, ಜಿಎಸ್‌ಟಿ ಸೇರಿಸಿ ನೋಡಿದರೆ ಗ್ರಾಂಗೆ ಸುಮಾರು 130 ರೂಪಾಯಿಗಿಂತ ಜಾಸ್ತಿ ಏರಿದರೆ ಅದು ವಸೂಲಾಗುತ್ತದೆ, ಇಲ್ಲದಿದ್ದರೆ ಇಲ್ಲ.

ಹಾರ ಎಲ್ಲೇ ತೆಗೆದುಕೊಂಡರೂ, ಕೊನೆಯ ಕಂತು ಕೊಡುವ ಮುಂಚೆ ಹಾಲ್‌ಮಾರ್ಕ್ ನೋಡಿ. ಬಿಐಎಸ್ ಚಿಹ್ನೆ, 22K916 ಅನ್ನುವ ಗುರುತು ಮತ್ತು ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ, ಈ ಮೂರೂ ಇರಬೇಕು. ಫೋನ್‌ನಲ್ಲಿ BIS Care ಆ್ಯಪ್ ತೆರೆದು Verify HUID ಒತ್ತಿ ಆ ಆರು ಅಕ್ಷರ ಹಾಕಿ. ಒಡವೆಯ ಬಗೆ ಮತ್ತು ಶುದ್ಧತೆ ಕಾಣಿಸುತ್ತದೆ. ಅಲ್ಲಿ ಹಾರ ಅನ್ನುವ ಬದಲು ಉಂಗುರ ಅಂತ ಬಂದರೆ ಬಿಲ್ ಮಾಡಿಸಬೇಡಿ.