ಮೂವತ್ತೈದಕ್ಕೆ ಬೈದಿರಿ, ಬಿ ಪ್ಲಸ್‌ಗೆ ಸುಮ್ಮನಾದಿರಿ

*ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. ದಸರಾ ರಜೆ ಮುಗಿದ ಮೇಲೆ ಪ್ರಗತಿ ಪತ್ರ ಕೊಟ್ಟರು. ಕನ್ನಡದಲ್ಲಿ 10, 11, 14, ಒಟ್ಟು 35. ಗಣಿತದಲ್ಲಿ 11, 8, 6, ಒಟ್ಟು 25, ಪಕ್ಕದಲ್ಲಿ ಬಿ+. ಪ್ಲಸ್ ಇದೆಯಲ್ಲ ಅಂತ ಗಣಿತ ಬಿಟ್ಟೆ, ಕನ್ನಡದಲ್ಲಿ ಬರೀ 35 ಅಂತ ಬೈದೆ. ಕೆಳಗೆ ‘ಉತ್ತಮ. ಮೂಲಕ್ರಿಯೆಗಳಲ್ಲಿ ಹೆಚ್ಚಿನ ಅಭ್ಯಾಸ ಅಗತ್ಯ’ ಅಂತ ಬರೆದಿದ್ದಾರೆ. ಆಕೆ ಪಾಸಾ, ಫೇಲಾ? ನಾನು ಓದಿದ್ದು ನಾಲ್ಕನೇ ತರಗತಿ. ಗುರುಗಳನ್ನು ಕೇಳಲು ಸಂಕೋಚ.*
— ಒಬ್ಬ ಓದುಗರು, ಮಾನ್ವಿ ತಾಲ್ಲೂಕು

ನಮಸ್ಕಾರ ಅಣ್ಣಾವ್ರೇ,

ಮೊದಲು ಮಗಳನ್ನು ಕರೆದು, ಕನ್ನಡಕ್ಕೆ ಬೈದದ್ದು ತಪ್ಪಾಯಿತು ಅನ್ನಿ. ಆ 35 ನೂರಕ್ಕೆ ಅಲ್ಲ, ಐವತ್ತಕ್ಕೆ. ನೂರಕ್ಕೆ ಲೆಕ್ಕ ಹಾಕಿದರೆ 70. ಅದು ‘ಎ’ ಶ್ರೇಣಿ.

ನಮ್ಮ ಕಾಲದಲ್ಲಿ 35 ಅಂದರೆ ಕಷ್ಟಪಟ್ಟು ಪಾಸು, ಅಲ್ವಾ? ಆ ಲೆಕ್ಕ ಈ ಕಾರ್ಡಿಗೆ ಹೊಂದುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಅರ್ಧ ವರ್ಷಕ್ಕೆ ಒಂದು ವಿಷಯಕ್ಕೆ 50 ಅಂಕ. ಅದರಲ್ಲಿ ಮೂರು ಕಂತು. ಎಫ್.ಎ. 1ಕ್ಕೆ 15, ಎಫ್.ಎ. 2ಕ್ಕೆ 15. ಇವು ತರಗತಿಯಲ್ಲೇ ನಡೆಯುವ ಚಟುವಟಿಕೆ ಮತ್ತು ಕಿರು ಪರೀಕ್ಷೆ. ಮೂರನೆಯದು ಎಸ್.ಎ. 1. ದಸರಾಕ್ಕೆ ಮುಂಚೆ ಕೂತು ಬರೆಯುವ ಪರೀಕ್ಷೆ ಅದೇ. ಅದರಲ್ಲಿ ಬಂದ ಅಂಕವನ್ನು 20ಕ್ಕೆ ಇಳಿಸಿ ಬರೆಯುತ್ತಾರೆ. ದಸರಾ ಆದ ಮೇಲೆ ಇದೇ ಲೆಕ್ಕ ಇನ್ನೊಮ್ಮೆ. ಎರಡೂ ಸೇರಿ ವರ್ಷಕ್ಕೆ 100.

ಅಕ್ಷರಗಳು ಐದೇ. 90ರಿಂದ ಎ+, 70ರಿಂದ ಎ, 50ರಿಂದ ಬಿ+, 30ರಿಂದ ಬಿ, ಅದಕ್ಕೂ ಕಡಿಮೆ ಇದ್ದರೆ ಸಿ. ಆರನೇ ತರಗತಿಯಲ್ಲಿ ಯಾರನ್ನೂ ಫೇಲ್ ಮಾಡಿ ಅದೇ ತರಗತಿಯಲ್ಲಿ ಕೂರಿಸುವುದಿಲ್ಲ. ಹಾಗಾಗಿ ಪಾಸಾ ಫೇಲಾ ಅನ್ನೋ ಪ್ರಶ್ನೆಗೆ ಈ ಕಾರ್ಡಿನಲ್ಲಿ ಉತ್ತರ ಸಿಗುವುದಿಲ್ಲ.

ಈಗ ಗಣಿತಕ್ಕೆ ಬರೋಣ. ನನಗೆ ಚಿಂತೆ ಆದದ್ದು ಅಲ್ಲಿ. 50ಕ್ಕೆ 25 ಅಂದರೆ ಸರಿಯಾಗಿ ನೂರಕ್ಕೆ ಐವತ್ತು. ಒಂದೇ ಅಂಕ ಕಡಿಮೆ ಬಂದಿದ್ದರೂ ಪ್ಲಸ್ ಹೋಗಿ ಬಿ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಂಕಗಳನ್ನು ಎಡದಿಂದ ಬಲಕ್ಕೆ ಓದಿ. ಎಸ್.ಎ. 20ಕ್ಕೆ ಇರುವುದರಿಂದ ಅದರ ಮುಕ್ಕಾಲು ಪಾಲು ತೆಗೆದುಕೊಂಡರೆ ಮೂರೂ 15ಕ್ಕೇ ಬರುತ್ತವೆ. ಗಣಿತದ 6ರಲ್ಲಿ ಮುಕ್ಕಾಲು ಅಂದರೆ ನಾಲ್ಕೂವರೆ. ಹನ್ನೊಂದು, ಎಂಟು, ನಾಲ್ಕೂವರೆ. ಮೆಟ್ಟಿಲು ಇಳಿದಂಗೆ ಇಳಿದಿದೆ. ಕನ್ನಡದ 14ಕ್ಕೆ ಹೀಗೇ ಮಾಡಿದರೆ ಹತ್ತೂವರೆ. ಹತ್ತು, ಹನ್ನೊಂದು, ಹತ್ತೂವರೆ. ಅಲ್ಲಿ ಮಗು ಗಟ್ಟಿಯಾಗಿ ನಿಂತಿದೆ.

ಷರಾದಲ್ಲಿ ‘ಉತ್ತಮ’ ಅನ್ನೋದನ್ನು ಜಾಸ್ತಿ ಹಚ್ಚಿಕೊಳ್ಳಬೇಡಿ. ನಲವತ್ತು ಕಾರ್ಡು ಬರೆಯುವ ಗುರುಗಳ ಕೈ ಆ ಪದವನ್ನು ತಾನಾಗಿ ಬರೆಯುತ್ತದೆ. ಅವರು ನಿಜವಾಗಿ ಹೇಳಿದ್ದು ಎರಡನೇ ವಾಕ್ಯದಲ್ಲಿದೆ. ಮೂಲಕ್ರಿಯೆ ಅಂದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಇದು ಕೆಳಗಿನ ತರಗತಿಯಲ್ಲೇ ಕೈಗೆ ಕೂರಬೇಕಾದ ಲೆಕ್ಕ. ಅದು ಕೈಕೊಟ್ಟರೆ ಭಿನ್ನರಾಶಿಯೂ ಬರುವುದಿಲ್ಲ, ದಶಮಾಂಶವೂ ಬರುವುದಿಲ್ಲ.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. 402ರಲ್ಲಿ 157 ಕಳೆ ಅನ್ನಿ. ಸರಿ ಉತ್ತರ 245. ಮಗಳು 355 ಬರೆದರೆ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ ಅಂತ ಅರ್ಥ. ಸೊನ್ನೆ ಇದ್ದಾಗ ಪಕ್ಕದಿಂದ ದಶಕ ತರುವುದು ಗೊತ್ತಿಲ್ಲ. ಆಮೇಲೆ 612ನ್ನು 6ರಿಂದ ಭಾಗಿಸಲು ಹೇಳಿ. 102 ಬರಬೇಕು. ಬರೀ 12 ಬರೆದರೆ ನಡುವಿನ ಸೊನ್ನೆ ಬಿಟ್ಟಿದ್ದಾಳೆ. ಆ ಹಾಳೆಯನ್ನು ಎಸೆಯಬೇಡಿ, ಬೈಯಲೂ ಬೇಡಿ.

ಒಂದು ಸಾಲನ್ನು ನೀವು ಬರೆದಿಲ್ಲ, ಹಾಜರಾತಿ. ತಿಂಗಳಿಗೆ ಎಷ್ಟು ದಿನ ಶಾಲೆ ನಡೆಯಿತು, ಮಗು ಎಷ್ಟು ದಿನ ಬಂತು ಅಂತ ಅದರಲ್ಲಿ ಇರುತ್ತದೆ. ಆಗಸ್ಟ್ ನೋಡಿ. ಕಾಲುವೆಗೆ ನೀರು ಬಂದು ಭತ್ತದ ನಾಟಿ ನಡೆಯುವ ಹೊತ್ತು ಅದು. ತಾಯಿ ನಾಟಿಗೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲಿ ಉಳಿಯುತ್ತಾಳೆ. ಅಂಕ ಇಳಿದದ್ದೂ ಹಾಜರಿ ಇಳಿದದ್ದೂ ಒಂದೇ ಹೊತ್ತಿಗೆ ಆಗಿದ್ದರೆ, ತಪ್ಪಿದ್ದು ಪಾಠ, ಬುದ್ಧಿ ಅಲ್ಲ. ಮುಂದೆ ಹತ್ತಿ ಬಿಡಿಸುವ ಕಾಲವೂ ಇದೆ. ದಸರಾ ನಂತರದ ಮೊದಲ ಕಂತು ಎಫ್.ಎ. 3 ಬರುವುದು ಅದೇ ಹೊತ್ತಿಗೆ.

ಸಂಕೋಚದ ಮಾತಿಗೆ ಹೇಳುವುದಾದರೆ, ‘ಸಮುದಾಯದತ್ತ ಶಾಲೆ’ ಅಂತ ಪಾಲಕರನ್ನು ಕರೆಯುವ ಸಭೆಯ ಕೆಲಸವೇ ಈ ಕಾರ್ಡು ಮುಂದಿಟ್ಟು ಮಾತಾಡುವುದು. ಕಾರ್ಡಿನ ಜೊತೆ 402ರ ಹಾಳೆಯನ್ನೂ ಒಯ್ಯಿರಿ. ‘ಮಗಳು ಹೇಗೆ ಓದುತ್ತಾಳೆ’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾರೆ. ಹಾಳೆ ತೋರಿಸಿ, ‘ಗುರುಗಳೇ, ಇಲ್ಲಿ ತಪ್ಪುತ್ತಾಳೆ. ಆಗಸ್ಟ್‌ನಲ್ಲಿ ಯಾವ ಪಾಠ ಆಗಿತ್ತು? ಎಸ್.ಎ. ಪೇಪರ್ ಒಮ್ಮೆ ತೋರಿಸ್ತೀರಾ?’ ಅಂತ ಕೇಳಿ.